‘ಕೆಲವೊಮ್ಮೆ ತಾರೀಖು ತಪ್ಪು ಬರುತ್ತದೆ’: ಇಂಥ ದೂರನ್ನು ಸಾಫ್ಟ್‌ವೇರ್ ತಂಡಕ್ಕೆ ಅರ್ಥವಾಗುವ ದೋಷ ವರದಿಯಾಗಿ ಬರೆಯುವ ಬಗೆ

2024ರ ಸೆಪ್ಟೆಂಬರ್ ಮೊದಲ ವಾರ, ಮಂಡ್ಯದ ಬೆಲ್ಲದ ಮಂಡಿಯೊಂದರಿಂದ ಮೈಸೂರಿನ ನಮ್ಮ ತಂಡಕ್ಕೆ ಒಂದು ಇಮೇಲ್ ಬಂತು. ಅದರಲ್ಲಿ ಇದ್ದದ್ದು ಇಷ್ಟೇ: “ಸರ್, ನಿಮ್ಮ ಸಾಫ್ಟ್‌ವೇರ್‌ನಲ್ಲಿ ಕೆಲವೊಮ್ಮೆ ತಾರೀಖು ತಪ್ಪು ಬರುತ್ತಿದೆ. ರೈತರ ಹೆಸರೂ ಸರಿಯಾಗಿ ಬರುತ್ತಿಲ್ಲ. ಆಗಸ್ಟ್ ತಿಂಗಳ ಲೆಕ್ಕ ಆಡಿಟರಿಗೆ ಕೊಡಬೇಕು, ದಯವಿಟ್ಟು ಬೇಗ ಸರಿಪಡಿಸಿ.” ನಮ್ಮ ಡೆವಲಪರ್ ತನ್ನ ಕಂಪ್ಯೂಟರ್‌ನಲ್ಲಿ ಒಂದು ಬಿಲ್ ಹಾಕಿ ನೋಡಿದರು, ತಾರೀಖು ಸರಿಯಾಗಿಯೇ ಕಾಣಿಸಿತು, “ನಮ್ಮಲ್ಲಿ ಸರಿಯಾಗಿ ಬರುತ್ತಿದೆ, ದಯವಿಟ್ಟು ಇನ್ನೊಮ್ಮೆ ಪರಿಶೀಲಿಸಿ” ಎಂದು ಉತ್ತರ ಬರೆದರು. ಮಂಡಿಯ ಗುಮಾಸ್ತರು ಇನ್ನೊಮ್ಮೆ ನೋಡಿದರು, ತಪ್ಪು ಅಲ್ಲಿಯೇ ಇತ್ತು. ಸೋಮವಾರ ಆರಂಭವಾದ ಈ ಪತ್ರ ವ್ಯವಹಾರ ಗುರುವಾರದವರೆಗೂ ನಡೆಯಿತು. ಇಬ್ಬರೂ ಹೇಳುತ್ತಿದ್ದದ್ದು ನಿಜವೇ ಆಗಿತ್ತು, ಆದರೆ ಕೆಲಸ ಒಂದು ಹೆಜ್ಜೆಯೂ ಮುಂದೆ ಹೋಗಿರಲಿಲ್ಲ.

ತಂಡದಲ್ಲಿ ಪರೀಕ್ಷೆಯ ಕೆಲಸ ನನ್ನದು. ಗುರುವಾರ ನಾನು ಗುಮಾಸ್ತರಿಗೆ ಫೋನ್ ಮಾಡಿ, ಸುಮಾರು ನಲವತ್ತು ನಿಮಿಷ ಇಬ್ಬರೂ ಒಟ್ಟಿಗೆ ಕುಳಿತಂತೆ ಮಾತಾಡಿ, ಆ ಮೂರು ಸಾಲಿನ ದೂರನ್ನು ಒಂದು ದೋಷ ವರದಿಯನ್ನಾಗಿ ಬರೆದೆವು. ಆ ವರದಿ ತಲುಪಿದ ಸಂಜೆಯೇ ಡೆವಲಪರ್‌ಗೆ ದೋಷ ಕಣ್ಣಿಗೆ ಬಿತ್ತು. ಆ ನಲವತ್ತು ನಿಮಿಷದಲ್ಲಿ ನಾವು ಮಾಡಿದ್ದನ್ನು ಇಲ್ಲಿ ಅದೇ ಕ್ರಮದಲ್ಲಿ ಬರೆಯುತ್ತಿದ್ದೇನೆ. ಅಂಗಡಿ, ಸೊಸೈಟಿ, ಶಾಲೆ, ಆಸ್ಪತ್ರೆಗಳ ಕಚೇರಿಗಳಲ್ಲಿ ಯಾರೋ ಬರೆದುಕೊಟ್ಟ ಸಾಫ್ಟ್‌ವೇರ್ ಬಳಸುತ್ತ, ಅದು ಕೆಟ್ಟಾಗ ಇಮೇಲ್ ಬರೆಯಬೇಕಾದವರು ಈ ಕ್ರಮವನ್ನು ಹಾಗೆಯೇ ಅನುಸರಿಸಬಹುದು.

ಮೊದಲು ‘ಕೆಲವೊಮ್ಮೆ’ ಎಂಬುದನ್ನು ‘ಯಾವಾಗ’ ಎಂದು ಮಾಡಿಕೊಳ್ಳಿ

ದೋಷ ವರದಿಯಲ್ಲಿ ಮೂರು ಭಾಗ ಇರಬೇಕು: ನಾನು ಮಾಡಿದ್ದು, ಆಗಬೇಕಿದ್ದದ್ದು, ಆದದ್ದು. ಈ ಮೂರರಲ್ಲಿ ಮೊದಲನೆಯದೇ ಕಷ್ಟದ್ದು. ಅದನ್ನು ಓದಿದ ಡೆವಲಪರ್ ತನ್ನ ಮೇಜಿನ ಮುಂದೆ ಕುಳಿತು ಅದೇ ಹೆಜ್ಜೆಗಳನ್ನು ಹಾಕಿದರೆ ಅದೇ ತಪ್ಪು ಅಲ್ಲಿಯೂ ಕಾಣಿಸಬೇಕು. ‘ಕೆಲವೊಮ್ಮೆ’ ಎಂಬ ಮಾತು ವರದಿಯಲ್ಲಿ ಉಳಿದಿದ್ದರೆ ಅದು ಕಾಣಿಸುವುದು ಅದೃಷ್ಟಕ್ಕೆ ಬಿಟ್ಟದ್ದಾಗುತ್ತದೆ. ಹಾಗಾಗಿ ಇಮೇಲ್ ಬರೆಯಲು ಕೂರುವ ಮೊದಲೇ ಮಾಡಬೇಕಾದ ಕೆಲಸವೊಂದಿದೆ.

ತಪ್ಪಾದ ಕೆಲವು ನಮೂದುಗಳನ್ನೂ ಸರಿಯಾದ ಕೆಲವು ನಮೂದುಗಳನ್ನೂ ಒಂದು ಹಾಳೆಯಲ್ಲಿ ಅಕ್ಕಪಕ್ಕ ಬರೆದುಕೊಳ್ಳಿ. ತಪ್ಪಾದವನ್ನು ಮಾತ್ರ ಬರೆದುಕೊಂಡರೆ ಸಾಲದು, ಏಕೆಂದರೆ ಸುಳಿವು ಸಿಗುವುದು ಎರಡರ ನಡುವಿನ ವ್ಯತ್ಯಾಸದಲ್ಲಿ. ಗುಮಾಸ್ತರು ಫೋನಿನಲ್ಲಿ, “ಒಂದಿನ ಸರಿ ಬತ್ತದೆ, ಒಂದಿನ ತಪ್ಪು ಬತ್ತದೆ ಮೇಡಂ, ಅದುಕ್ಕೆ ಲೆಕ್ಕವೇ ಇಲ್ಲ” ಎಂದರು. ಲೆಕ್ಕ ಇದೆಯೋ ಇಲ್ಲವೋ ನೋಡೋಣ ಎಂದು, ಆಗಸ್ಟ್ ತಿಂಗಳ ಬಿಲ್ ಪುಸ್ತಕವನ್ನು ಪಕ್ಕದಲ್ಲಿಟ್ಟುಕೊಂಡು ಪರದೆಯ ಮೇಲಿನ ತಾರೀಖುಗಳನ್ನು ಒಂದೊಂದಾಗಿ ಓದಲು ಕೇಳಿದೆ. ತಪ್ಪು ಬಂದವು: 3, 5, 9, 12. ಸರಿ ಬಂದವು: 8, 13, 20, 27. ಹನ್ನೆರಡರ ಆಚೆಗೆ ತಪ್ಪೇ ಇರಲಿಲ್ಲ. ಹನ್ನೆರಡರ ಒಳಗೆ ಎಂಟನೆಯ ತಾರೀಖು ಬಿಟ್ಟು ಎಲ್ಲವೂ ತಪ್ಪಾಗಿದ್ದವು.

ವರ್ಷಕ್ಕೆ ಹನ್ನೆರಡೇ ತಿಂಗಳು ಎಂಬುದನ್ನು ನೆನೆದರೆ ಮುಂದಿನದು ಹೊಳೆಯುತ್ತದೆ. ಆಗಸ್ಟ್ 5ನ್ನು ನಾವು 05/08/2024 ಎಂದು ಬರೆಯುತ್ತೇವೆ. ತಿಂಗಳನ್ನು ಮೊದಲು ಬರೆಯುವ ಅಮೆರಿಕದ ಪದ್ಧತಿಯಲ್ಲಿ ಅದೇ ಅಂಕಿಗಳನ್ನು ಓದಿದರೆ ಮೇ 8 ಆಗುತ್ತದೆ. ಪಟ್ಟಿಯನ್ನು ತಿಂಗಳವಾರು ಸೋಸಿದಾಗ ಅದು ಕಂಡದ್ದೂ ಮೇ 8 ಎಂದೇ. 20/08/2024 ಎಂಬುದನ್ನು ಹಾಗೆ ಓದಲು ಬರುವುದಿಲ್ಲ, ಇಪ್ಪತ್ತನೆಯ ತಿಂಗಳು ಇಲ್ಲ. 08/08ರಲ್ಲಿ ದಿನ, ತಿಂಗಳು ಅದಲುಬದಲಾದರೂ ಫಲ ಒಂದೇ, ಆದ್ದರಿಂದ ಅದು ಸರಿಯಾಗಿ ಬಂದಂತೆ ಕಾಣುತ್ತದೆ. ನಮ್ಮ ಡೆವಲಪರ್ ಸೋಮವಾರ ಪರೀಕ್ಷಿಸಿದ್ದು ಸೆಪ್ಟೆಂಬರ್ 2ರ ಬಿಲ್ಲನ್ನು, ಅದೂ ತಂತ್ರಾಂಶದ ಒಳಗಿನ ಪರದೆಯಲ್ಲಿ. ಗುಮಾಸ್ತರು ನೋಡುತ್ತಿದ್ದದ್ದು ಡೌನ್‌ಲೋಡ್ ಮಾಡಿ ಎಕ್ಸೆಲ್‌ನಲ್ಲಿ ತೆರೆದ ಪಟ್ಟಿಯನ್ನು. ಆ ಒಂದು ಮಾತು ಮೂಲ ಇಮೇಲ್‌ನಲ್ಲಿ ಇರಲೇ ಇಲ್ಲ.

ಇನ್ನೊಂದು ಸಣ್ಣ ಗುರುತನ್ನು ಗುಮಾಸ್ತರೇ ಹೇಳಿದರು, ಅದನ್ನು ನಾನು ಕೇಳಿಯೂ ಇರಲಿಲ್ಲ. ತಪ್ಪು ಬಂದ ತಾರೀಖುಗಳೂ ಎಂಟನೆಯ ತಾರೀಖೂ ತಮ್ಮ ಮನೆಯಲ್ಲಿ ಬಲಗಡೆಗೆ ಒತ್ತಿಕೊಂಡಿದ್ದವು, 13, 20, 27 ಎಡಗಡೆಗೆ ಇದ್ದವು. ಎಕ್ಸೆಲ್ ತಾನು ತಾರೀಖೆಂದು ಗುರುತಿಸಿದ್ದನ್ನು ಬಲಕ್ಕೂ ಬರೀ ಅಕ್ಷರಸಾಲೆಂದು ತಿಳಿದದ್ದನ್ನು ಎಡಕ್ಕೂ ಜೋಡಿಸುತ್ತದೆ. ಅಂದರೆ ‘ಸರಿ ಬಂದಿದೆ’ ಎಂದುಕೊಂಡಿದ್ದ 13, 20, 27 ಕೂಡ ನಿಜಕ್ಕೂ ಸರಿ ಬಂದಿರಲಿಲ್ಲ. ನೋಟಕ್ಕೆ ಸರಿಯಾಗಿದ್ದರೂ ಎಕ್ಸೆಲ್‌ನ ಮಟ್ಟಿಗೆ ಅವು ತಾರೀಖುಗಳೇ ಆಗಿರಲಿಲ್ಲ, ತಿಂಗಳವಾರು ಸೋಸಿದಾಗ ಆಗಸ್ಟ್‌ನೊಳಗೆ ಸೇರುತ್ತಲೂ ಇರಲಿಲ್ಲ. ಸಂಬಂಧವಿಲ್ಲವೆಂದು ನಿಮಗೆ ತೋರುವ ಇಂಥ ಗುರುತನ್ನು ದಯವಿಟ್ಟು ಬರೆಯಿರಿ. ಬೇಡವಾದರೆ ಓದುವವರು ಬಿಟ್ಟುಬಿಡುತ್ತಾರೆ, ಬೇಕಾಗಿದ್ದರೆ ಬೇರೆ ಯಾರಿಂದಲೂ ಅವರಿಗೆ ಅದು ಸಿಗುವುದಿಲ್ಲ.

ಒಂದು ಸಲಕ್ಕೆ ಒಂದನ್ನೇ ಬದಲಿಸಿ ನೋಡಿ

‘ಯಾವಾಗ’ ಎಂಬುದು ತಿಳಿದ ಮೇಲೆ ‘ಎಲ್ಲಿ’ ಎಂಬುದು ಉಳಿಯುತ್ತದೆ. ಇದಕ್ಕೆ ಎರಡು ಪ್ರಯೋಗ ಮಾಡಿದೆವು. ಮಂಡಿಯಲ್ಲಿ ಹಳೆಯ ಕಂಪ್ಯೂಟರ್ ಒಂದಿತ್ತು, ಆಗಸ್ಟ್‌ನಲ್ಲಿ ತಂದ ಹೊಸದೊಂದಿತ್ತು. ಹೊಸದರಲ್ಲಿ ಡೌನ್‌ಲೋಡ್ ಮಾಡಿದ ಕಡತವನ್ನು, ಅಲ್ಲಿ ತೆರೆಯದೆಯೇ, ಪೆನ್‌ಡ್ರೈವ್‌ನಲ್ಲಿ ಒಯ್ದು ಹಳೆಯದರಲ್ಲಿ ತೆರೆಯಲು ಹೇಳಿದೆ. ಎಲ್ಲ ತಾರೀಖುಗಳೂ ಸರಿಯಾಗಿದ್ದವು, ಎಲ್ಲವೂ ಬಲಗಡೆಗೆ ಇದ್ದವು. ಕಡತ ಒಂದೇ, ಸಾಫ್ಟ್‌ವೇರ್ ಒಂದೇ, ಬದಲಾದದ್ದು ಕಂಪ್ಯೂಟರ್ ಮಾತ್ರ. ಆಮೇಲೆ ಹೊಸ ಕಂಪ್ಯೂಟರ್‌ನಲ್ಲಿಯೇ ಆ ಕಡತವನ್ನು ಎಕ್ಸೆಲ್ ಬದಲು ನೋಟ್‌ಪ್ಯಾಡ್‌ನಲ್ಲಿ ತೆರೆದರು. ಅಲ್ಲಿ ಅಂಕಿಗಳು ಬಿಲ್ಲಿನಲ್ಲಿದ್ದಂತೆಯೇ ಇದ್ದವು. ಹಾಗಾದರೆ ನಮ್ಮ ತಂತ್ರಾಂಶ ಬರೆದ ಕಡತದಲ್ಲಿ ಅಂಕಿಗಳು ಬದಲಾಗಿಲ್ಲ, ಹೊಸ ಕಂಪ್ಯೂಟರ್‌ನ ಎಕ್ಸೆಲ್ ಅದನ್ನು ಓದುವಾಗ ಬದಲಾಗುತ್ತಿವೆ.

ಈ ಹಂತದಲ್ಲಿ ಕಂಪ್ಯೂಟರ್‌ನ ವಿವರಗಳು ಬೇಕಾಗುತ್ತವೆ. ವಿಂಡೋಸ್ ಕೀಲಿಯ ಜೊತೆ R ಒತ್ತಿ, ಬರುವ ಚಿಕ್ಕ ಪೆಟ್ಟಿಗೆಯಲ್ಲಿ ಕೆಳಗಿನವನ್ನು ಒಂದಾದ ಮೇಲೊಂದು ಟೈಪ್ ಮಾಡಿ ಎಂಟರ್ ಒತ್ತಿದರೆ ಮೊದಲನೆಯದು ವಿಂಡೋಸ್ ಆವೃತ್ತಿಯನ್ನೂ ಎರಡನೆಯದು ತಾರೀಖು, ಅಂಕಿಗಳನ್ನು ತೋರಿಸುವ ಪ್ರಾದೇಶಿಕ ಪದ್ಧತಿಯನ್ನೂ ತೋರಿಸುತ್ತದೆ.

```
winver
intl.cpl
```

ಹಳೆಯದರಲ್ಲಿ `English (India)` ಎಂದಿತ್ತು. ಹೊಸದರಲ್ಲಿ `English (United States)` ಎಂದಿತ್ತು, ಅಂಗಡಿಯವರು ಅದನ್ನು ಬದಲಿಸದೆಯೇ ಕೊಟ್ಟಿದ್ದರು.

ಇಷ್ಟು ದೂರ ಹೋಗುವುದು ಎಲ್ಲರಿಗೂ ಸಾಧ್ಯವಾಗದೆ ಇರಬಹುದು, ಸಾಧ್ಯವಾಗಲೇಬೇಕೆಂದೂ ಇಲ್ಲ. ಕಾರಣ ಹುಡುಕುವುದು ತಂಡದ ಕೆಲಸ. ಆದರೆ ‘ಬೇರೆ ಕಂಪ್ಯೂಟರ್‌ನಲ್ಲಿ ಸರಿಯಾಗಿದೆ’ ಎಂಬ ಒಂದು ವಾಕ್ಯವನ್ನು ಬರೆಯಲು ಯಾರಿಗಾದರೂ ಆಗುತ್ತದೆ, ಅದೊಂದೇ ವಾಕ್ಯ ಹುಡುಕಾಟದ ಅರ್ಧ ದಾರಿಯನ್ನು ಕಡಿಮೆ ಮಾಡುತ್ತದೆ. ಎರಡು ಸಂಗತಿಗಳನ್ನು ಒಟ್ಟಿಗೆ ಬದಲಿಸಬೇಡಿ. ಹಳೆಯ ಕಂಪ್ಯೂಟರ್‌ನಲ್ಲಿ ಬೇರೆ ತಿಂಗಳ ಪಟ್ಟಿಯನ್ನು ತೆರೆದು ‘ಇಲ್ಲಿ ಸರಿ ಇದೆ’ ಎಂದರೆ, ಸರಿ ಹೋದದ್ದು ಕಂಪ್ಯೂಟರ್‌ನಿಂದಲೋ ತಿಂಗಳಿನಿಂದಲೋ ಎಂದು ಯಾರೂ ಹೇಳಲಾರರು.

ಹೆಜ್ಜೆಗಳನ್ನು ಚಿಕ್ಕದು ಮಾಡಿ

ಗುಮಾಸ್ತರ ಬಳಿ ಇದ್ದದ್ದು ಇಡೀ ಆಗಸ್ಟ್ ತಿಂಗಳ ಪಟ್ಟಿ, ರೈತರ ಹೆಸರು, ಊರು, ಫೋನ್ ನಂಬರ್‌ಗಳ ಸಮೇತ. ಅದನ್ನು ಹಾಗೆಯೇ ಇಮೇಲ್‌ಗೆ ಸೇರಿಸಿ ಕಳಿಸುವುದು ಎರಡು ಕಾರಣಕ್ಕೆ ಬೇಡ. ರೈತರ ವಿವರಗಳನ್ನು ಅವರಿಗೆ ತಿಳಿಯದಂತೆ ಹತ್ತು ಜನರ ಇನ್‌ಬಾಕ್ಸ್‌ಗೆ ಹಂಚುವ ಹಕ್ಕು ನಮಗಿಲ್ಲ. ಜೊತೆಗೆ, ನೂರಾರು ಸಾಲುಗಳ ನಡುವೆ ತಪ್ಪಾದ ಸಾಲು ಯಾವುದೆಂದು ಓದುವವರು ಹುಡುಕಬೇಕಾಗುತ್ತದೆ. ನಮ್ಮ ತಂತ್ರಾಂಶದಲ್ಲಿ ಅಭ್ಯಾಸಕ್ಕೆಂದೇ ಒಂದು ಖಾತೆ ಇದೆ, ಅದರಲ್ಲಿ ಹಾಕಿದ ಬಿಲ್ ಅಸಲಿ ಲೆಕ್ಕಕ್ಕೆ ಸೇರುವುದಿಲ್ಲ. ನೀವು ಬಳಸುವ ತಂತ್ರಾಂಶದಲ್ಲಿ ಅಂಥದ್ದು ಇದೆಯೇ ಎಂದು ತಂಡವನ್ನು ಕೇಳಿ. ಅಸಲಿ ಖಾತೆಯಲ್ಲಿ ಸುಳ್ಳು ಬಿಲ್‌ಗಳನ್ನು ಹಾಕಿ ಪರೀಕ್ಷಿಸಬೇಡಿ, ಬಿಲ್ ಸಂಖ್ಯೆಗಳ ಸರಣಿ ಕೆಡುತ್ತದೆ.

ಅಭ್ಯಾಸದ ಖಾತೆಯಲ್ಲಿ ಮೂರೇ ಬಿಲ್ ಹಾಕಿದೆವು. ಒಂದು ಹನ್ನೆರಡರ ಒಳಗಿನ ತಾರೀಖು, ಒಂದು ದಿನವೂ ತಿಂಗಳೂ ಒಂದೇ ಆಗಿರುವ ತಾರೀಖು, ಒಂದು ಹನ್ನೆರಡು ದಾಟಿದ ತಾರೀಖು. ಡೌನ್‌ಲೋಡ್ ಆದ ಕಡತ ನೋಟ್‌ಪ್ಯಾಡ್‌ನಲ್ಲಿ ಹೀಗೆ ಕಾಣಿಸಿತು:

```
bill_no,bill_date,amount
101,05/08/2024,18400
102,08/08/2024,22150
103,20/08/2024,9600
```

ಮೂರು ಸಾಲಿನಲ್ಲಿ ದೋಷದ ಮೂರು ಮುಖಗಳೂ ಬಂದವು. ನಾಲ್ಕನೆಯ ಬಿಲ್ ಹಾಕಿದ್ದರೆ ಹೊಸದೇನೂ ತಿಳಿಯುತ್ತಿರಲಿಲ್ಲ, ಎರಡೇ ಹಾಕಿದ್ದರೆ ಒಂದು ಮುಖ ಬಿಟ್ಟುಹೋಗುತ್ತಿತ್ತು. ಹೆಜ್ಜೆಗಳನ್ನೂ ಹೀಗೆಯೇ ಸೋಸಬೇಕು. ಒಂದು ಹೆಜ್ಜೆಯನ್ನು ತೆಗೆದು ಮತ್ತೆ ಮಾಡಿ ನೋಡಿ. ಆಗಲೂ ತಪ್ಪು ಬಂದರೆ ಆ ಹೆಜ್ಜೆ ವರದಿಗೆ ಬೇಡ. ಗುಮಾಸ್ತರು ಮೊದಲು ಮುದ್ರಣ ಮಾಡಿ ಆಮೇಲೆ ಡೌನ್‌ಲೋಡ್ ಮಾಡುತ್ತಿದ್ದರು. ಮುದ್ರಣ ಬಿಟ್ಟರೂ ತಪ್ಪು ಬಂತು, ಹಾಗಾಗಿ ಅದನ್ನು ಕೈಬಿಟ್ಟೆವು.

ಇಲ್ಲಿ ಒಂದು ಅಪಾಯವನ್ನು ಬಿಡಿಸಿ ಹೇಳಬೇಕು. ಮೇಲಿನಂತೆ ವಿವರಗಳನ್ನು ಅಲ್ಪವಿರಾಮದಿಂದ ಬೇರ್ಪಡಿಸಿ ಬರೆದ ಸಿಎಸ್‌ವಿ ಕಡತವನ್ನು ಎಕ್ಸೆಲ್‌ನಲ್ಲಿ ತೆರೆದು, ಮುಚ್ಚುವಾಗ ‘ಸೇವ್’ ಒತ್ತಿಬಿಟ್ಟರೆ, ಎಕ್ಸೆಲ್ ತಾನು ತಪ್ಪಾಗಿ ಓದಿದ್ದನ್ನೇ ಕಡತಕ್ಕೆ ಬರೆದುಬಿಡುತ್ತದೆ. ಆಮೇಲೆ ನೋಟ್‌ಪ್ಯಾಡ್‌ನಲ್ಲಿ ನೋಡಿದರೆ ಮೊದಲ ಸಾಲಿನಲ್ಲಿ `5/8/2024` ಎಂದಿರುತ್ತದೆ. ಸೊನ್ನೆಗಳು ಮಾಯವಾಗಿರುವುದೇ ಅದರ ಗುರುತು. ಅಂಥ ಕಡತವನ್ನು ತಂಡಕ್ಕೆ ಕಳಿಸಿದರೆ ತಂತ್ರಾಂಶವೇ ಹಾಗೆ ಬರೆಯಿತೆಂದು ಅವರು ತಿಳಿದು, ಇಲ್ಲದ ದೋಷವನ್ನು ಹುಡುಕುತ್ತ ಕೂರುತ್ತಾರೆ. ಆದ್ದರಿಂದ ಇಮೇಲ್‌ಗೆ ಸೇರಿಸುವ ಕಡತವನ್ನು ಹೊಸದಾಗಿ ಡೌನ್‌ಲೋಡ್ ಮಾಡಿ, ಒಮ್ಮೆಯೂ ತೆರೆಯದೆ ಸೇರಿಸಿ.

ಮೂರು ಭಾಗಗಳನ್ನು ಬರೆಯುವಾಗ

ಮಾಡಿದ್ದನ್ನು ಬರೆಯುವಾಗ ಪರದೆಯ ಮೇಲಿರುವ ಪದಗಳನ್ನೇ ಬಳಸಿ. ‘ರಿಪೋರ್ಟ್ ತೆಗೆದೆ’ ಎಂದರೆ ನಮ್ಮ ತಂತ್ರಾಂಶದಲ್ಲಿ ನಾಲ್ಕು ಬಗೆಯ ರಿಪೋರ್ಟ್‌ಗಳಿವೆ, ಯಾವುದೆಂದು ತಿಳಿಯುವುದಿಲ್ಲ. ‘ಕಡತ ತೆರೆದೆ’ ಎಂಬ ಸಾದಾ ಮಾತಿನಲ್ಲಿ ಕೂಡ ಎರಡು ಅರ್ಥಗಳು ಅಡಗಿರುತ್ತವೆ. ಕಡತದ ಮೇಲೆ ಎರಡು ಸಲ ಕ್ಲಿಕ್ ಮಾಡಿ ತೆರೆಯುವುದು ಒಂದು ದಾರಿ, ಎಕ್ಸೆಲ್‌ನ `Data` ಪಟ್ಟಿಯಿಂದ `From Text/CSV` ಮೂಲಕ ತರುವುದು ಇನ್ನೊಂದು ದಾರಿ. ಎರಡನೆಯದರಲ್ಲಿ ತಾರೀಖನ್ನು ಹೇಗೆ ಓದಬೇಕೆಂದು ನಾವೇ ಹೇಳಬಹುದು, ಫಲ ಬೇರೆಯಾಗಬಹುದು. ಗೂಗಲ್ ಶೀಟ್ಸ್‌ನಲ್ಲಿ ತೆರೆದರೆ ಅದು ಆ ಹಾಳೆಗೆ ಇರುವ ಪ್ರಾದೇಶಿಕ ಪದ್ಧತಿಯಂತೆ ಓದುತ್ತದೆ. ನೀವು ಹಿಡಿದ ದಾರಿಯನ್ನು ಬರೆಯದಿದ್ದರೆ ಡೆವಲಪರ್ ತನಗೆ ರೂಢಿಯಾದ ದಾರಿಯನ್ನು ಹಿಡಿಯುತ್ತಾರೆ.

ಆಗಬೇಕಿದ್ದದ್ದನ್ನು ಬರೆಯುವಾಗ ‘ಸರಿಯಾಗಿ ಬರಬೇಕು’ ಎಂದು ಬರೆದು ಬಿಡಬೇಡಿ. ಸರಿ ಎಂದರೆ ಯಾವುದು, ಅದು ಸರಿಯೆಂದು ನಿಮಗೆ ಹೇಗೆ ಗೊತ್ತು ಎಂಬುದೂ ಇರಲಿ. ನಮ್ಮ ಪ್ರಸಂಗದಲ್ಲಿ ಆಧಾರ ಮುದ್ರಿತ ಬಿಲ್. ಬಿಲ್ 101ರಲ್ಲಿ 05/08/2024 ಎಂದಿದೆ, ಆದ್ದರಿಂದ ಎಕ್ಸೆಲ್‌ನಲ್ಲೂ ಅದು ಆಗಸ್ಟ್ 5 ಆಗಿರಬೇಕು. ಮೂರೂ ಬಿಲ್‌ಗಳು ಆಗಸ್ಟ್‌ನವು, ಹಾಗಾಗಿ ಆಗಸ್ಟ್ ಎಂದು ಸೋಸಿದಾಗ ಒಟ್ಟು ಮೊತ್ತ 50,150 ರೂಪಾಯಿ ಬರಬೇಕು. ಹೀಗೆ ಅಂಕಿಯೊಂದನ್ನು ಕೊಟ್ಟರೆ ಓದುವವರು ತಮ್ಮ ಪರದೆಯ ಜೊತೆ ಹೋಲಿಸಿ ನೋಡಲು ಸುಲಭ. ಕೆಲವು ಸಲ ಈ ಭಾಗವನ್ನು ಬರೆಯುವಾಗಲೇ, ನಾವು ಬಯಸಿದ್ದನ್ನು ಮಾಡಿಕೊಡುತ್ತೇನೆಂದು ತಂತ್ರಾಂಶ ಎಲ್ಲಿಯೂ ಹೇಳಿಲ್ಲ ಎಂಬುದು ಗೊತ್ತಾಗುತ್ತದೆ. ಆಗ ಅದು ದೋಷವಲ್ಲ, ಹೊಸ ಸೌಲಭ್ಯದ ಕೋರಿಕೆ. ಅದನ್ನು ಕೋರಿಕೆಯೆಂದೇ ಬರೆದು ಕಳಿಸಬೇಕು.

ಆದದ್ದನ್ನು ಬರೆಯುವಾಗ ಕಂಡದ್ದನ್ನು ಮಾತ್ರ ಬರೆಯಿರಿ. ಗುಮಾಸ್ತರು ಮೊದಲು, “ನೀವು ಸರ್ವರ್ ಬದಲಾಯಿಸಿದ ಮೇಲೆ ಹಿಂಗಾಗದೆ” ಎಂದಿದ್ದರು. ನಾವು ಆ ತಿಂಗಳು ಸರ್ವರ್ ಬದಲಾಯಿಸಿದ್ದು ನಿಜ, ಆದರೆ ಅದಕ್ಕೂ ಇದಕ್ಕೂ ಸಂಬಂಧ ಇರಲಿಲ್ಲ. ಊಹೆಯನ್ನು ಕಂಡ ಸಂಗತಿಯಂತೆ ಬರೆದರೆ ಓದುವವರು ಅದರ ಹಿಂದೆಯೇ ಹೊರಟುಬಿಡುತ್ತಾರೆ. ಊಹೆ ಬರೆಯಲೇಬಾರದೆಂದಲ್ಲ. ಇಮೇಲ್‌ನ ಕೊನೆಯಲ್ಲಿ, ಊಹೆ ಎಂದು ಹೆಸರಿಟ್ಟು ಬರೆಯಿರಿ. ಎಷ್ಟು ಸಲ ಮಾಡಿದಾಗ ಎಷ್ಟು ಸಲ ತಪ್ಪು ಬಂತು ಎಂಬ ಲೆಕ್ಕವೂ ಈ ಭಾಗಕ್ಕೇ ಸೇರಿದ್ದು. ಐದಕ್ಕೆ ಐದು ಸಲ ಬರುವ ದೋಷಕ್ಕೂ ಐದಕ್ಕೆ ಒಂದು ಸಲ ಬರುವ ದೋಷಕ್ಕೂ ಹುಡುಕುವ ಬಗೆಯೇ ಬೇರೆ.

ರೈತರ ಹೆಸರಿನ ದೂರು ಏನಾಯಿತು ಎಂದು ನೀವು ಕೇಳಬಹುದು. ಎಕ್ಸೆಲ್‌ನಲ್ಲಿ ಕನ್ನಡದ ‘ರ’ ಇರಬೇಕಾದ ಕಡೆ `à²°` ಎಂದು ಬರುತ್ತಿತ್ತು, ಅದೂ ಎರಡೂ ಕಂಪ್ಯೂಟರ್‌ಗಳಲ್ಲಿ. ಅದು ಅಕ್ಷರಗಳ ಸಂಕೇತವನ್ನು ಎಕ್ಸೆಲ್ ತಪ್ಪಾಗಿ ಗುರುತಿಸುವುದರಿಂದ ಆಗುವ ಬೇರೆಯೇ ದೋಷ. ಎರಡನ್ನೂ ಒಂದೇ ಇಮೇಲ್‌ನಲ್ಲಿ ಬರೆದರೆ ಒಂದು ಸರಿಹೋದ ದಿನ ಇಮೇಲ್ ಮುಗಿದಂತೆ ಲೆಕ್ಕವಾಗಿ ಇನ್ನೊಂದು ಮರೆತುಹೋಗುತ್ತದೆ. ಅದಕ್ಕೆ ಪ್ರತ್ಯೇಕ ಇಮೇಲ್ ಬರೆಸಿದೆ.

ಕಳಿಸಿದ ಇಮೇಲ್

ವಿಷಯದ ಸಾಲು ಓದಿದ ಕೂಡಲೇ ದೋಷ ಯಾವುದು, ಎಲ್ಲಿ, ಯಾವಾಗ ಎಂದು ತಿಳಿಯಬೇಕು. ‘ತುರ್ತು’, ‘ಸಾಫ್ಟ್‌ವೇರ್ ಸಮಸ್ಯೆ’ ಎಂಬ ವಿಷಯದ ಸಾಲುಗಳು ನಮ್ಮ ಇನ್‌ಬಾಕ್ಸ್‌ನಲ್ಲಿ ಎಷ್ಟೋ ಇವೆ, ಒಂದನ್ನೊಂದು ಬೇರೆ ಮಾಡಿ ಗುರುತಿಸಲು ಆಗುವುದಿಲ್ಲ. ಗುಮಾಸ್ತರು ಕೊನೆಗೆ ಕಳಿಸಿದ್ದು ಹೀಗಿತ್ತು:

> ವಿಷಯ: ಮಾರಾಟ ಪಟ್ಟಿಯ ಸಿಎಸ್‌ವಿ: ಹೊಸ ಕಂಪ್ಯೂಟರ್‌ನ ಎಕ್ಸೆಲ್‌ನಲ್ಲಿ 1ರಿಂದ 12ರವರೆಗಿನ ತಾರೀಖುಗಳಲ್ಲಿ ದಿನ, ತಿಂಗಳು ಅದಲುಬದಲು
>
> ನಮಸ್ಕಾರ,
>
> ಮಾರಾಟ ಪಟ್ಟಿಯನ್ನು ಡೌನ್‌ಲೋಡ್ ಮಾಡಿ ಎಕ್ಸೆಲ್‌ನಲ್ಲಿ ತೆರೆದಾಗ ತಾರೀಖುಗಳು ತಪ್ಪಾಗುತ್ತಿವೆ. ತಂತ್ರಾಂಶದ ಪರದೆಯಲ್ಲೂ ಮುದ್ರಿತ ಬಿಲ್‌ನಲ್ಲೂ ಸರಿಯಾಗಿವೆ.
>
> ಮಾಡಿದ್ದು
> 1. ಅಭ್ಯಾಸದ ಖಾತೆಯಲ್ಲಿ 05/08/2024, 08/08/2024, 20/08/2024 ತಾರೀಖುಗಳಿಗೆ ಒಂದೊಂದು ಬಿಲ್ ಹಾಕಿದೆ. ಬಿಲ್ ಸಂಖ್ಯೆ 101, 102, 103. ಮೊತ್ತ ಕ್ರಮವಾಗಿ 18,400, 22,150, 9,600 ರೂಪಾಯಿ.
> 2. ‘ವರದಿಗಳು’ ಒತ್ತಿ, ‘ಮಾರಾಟ ಪಟ್ಟಿ’ ಆರಿಸಿ, ತಿಂಗಳು ಆಗಸ್ಟ್ 2024 ಎಂದು ಕೊಟ್ಟೆ.
> 3. ‘ಸಿಎಸ್‌ವಿ ಡೌನ್‌ಲೋಡ್’ ಒತ್ತಿದೆ.
> 4. ಬಂದ ಕಡತದ ಮೇಲೆ ಎರಡು ಸಲ ಕ್ಲಿಕ್ ಮಾಡಿದೆ, ಎಕ್ಸೆಲ್‌ನಲ್ಲಿ ತೆರೆಯಿತು.
> 5. ತಾರೀಖಿನ ಕಾಲಂಗೆ ಫಿಲ್ಟರ್ ಹಾಕಿ ಆಗಸ್ಟ್ ಮಾತ್ರ ಆರಿಸಿದೆ.
>
> ಆಗಬೇಕಿದ್ದದ್ದು
> ಮುದ್ರಿತ ಬಿಲ್‌ಗಳಲ್ಲಿರುವಂತೆ ಮೂರೂ ಆಗಸ್ಟ್ ತಿಂಗಳಲ್ಲಿ ಕಾಣಿಸಬೇಕು. ಒಟ್ಟು 50,150 ರೂಪಾಯಿ ಬರಬೇಕು.
>
> ಆದದ್ದು
> ಆಗಸ್ಟ್‌ನಲ್ಲಿ ಬಿಲ್ 102 ಮಾತ್ರ ಇದೆ, ಒಟ್ಟು 22,150 ರೂಪಾಯಿ. ಬಿಲ್ 101 ಮೇ ತಿಂಗಳಿಗೆ ಹೋಗಿದೆ, ಮೇ 8 ಎಂದು ತೋರಿಸುತ್ತದೆ. ಬಿಲ್ 103 ಯಾವ ತಿಂಗಳಿಗೂ ಸೇರದೆ ಫಿಲ್ಟರ್‌ನಲ್ಲಿ ಪ್ರತ್ಯೇಕವಾಗಿದೆ, ಅದು ಎಡಗಡೆಗೆ ಇದೆ, ಉಳಿದವು ಬಲಗಡೆಗೆ ಇವೆ. ಐದು ಸಲ ಮಾಡಿದೆ, ಐದೂ ಸಲ ಹೀಗೆಯೇ ಆಯಿತು.
>
> ಹೋಲಿಕೆ
> ಅದೇ ಕಡತ ಹಳೆಯ ಕಂಪ್ಯೂಟರ್‌ನ ಎಕ್ಸೆಲ್‌ನಲ್ಲಿ ಐದೂ ಸಲ ಸರಿಯಾಗಿ ತೆರೆಯಿತು. ಹೊಸದರ ನೋಟ್‌ಪ್ಯಾಡ್‌ನಲ್ಲಿ ಅಂಕಿಗಳು ಬಿಲ್‌ನಲ್ಲಿರುವಂತೆಯೇ ಇವೆ. ಪ್ರಾದೇಶಿಕ ಪದ್ಧತಿ ಹೊಸದರಲ್ಲಿ English (United States), ಹಳೆಯದರಲ್ಲಿ English (India). ಎರಡರ ವಿಂಡೋಸ್, ಎಕ್ಸೆಲ್ ಆವೃತ್ತಿಗಳ ಚಿತ್ರ ಲಗತ್ತಿಸಿದ್ದೇನೆ.
>
> ತೊಂದರೆ
> ಆಗಸ್ಟ್ ಲೆಕ್ಕವನ್ನು ಆಡಿಟರಿಗೆ ಕೊಡಬೇಕು. ಸದ್ಯಕ್ಕೆ ಹಳೆಯ ಕಂಪ್ಯೂಟರ್‌ನಲ್ಲಿ ತೆಗೆದುಕೊಡುತ್ತಿದ್ದೇನೆ, ಕೆಲಸ ನಿಂತಿಲ್ಲ.
>
> ಊಹೆ
> ಹೊಸ ಕಂಪ್ಯೂಟರ್ ತಿಂಗಳನ್ನು ಮೊದಲು ಓದುತ್ತಿರಬಹುದು.
>
> ಲಗತ್ತು: ತೆರೆಯದ ಸಿಎಸ್‌ವಿ ಕಡತ, ಎರಡೂ ಕಂಪ್ಯೂಟರ್‌ಗಳ ಎಕ್ಸೆಲ್ ಪರದೆಯ ಚಿತ್ರ, ಆವೃತ್ತಿಗಳ ಚಿತ್ರ.

ಈ ಇಮೇಲ್‌ನಲ್ಲಿ ನನಗೆ ಬಹಳ ಮೆಚ್ಚಿಗೆಯಾದದ್ದು ‘ಕೆಲಸ ನಿಂತಿಲ್ಲ’ ಎಂಬ ಮಾತು. ಬದಲಿ ದಾರಿ ಇದೆ ಎಂದು ಪ್ರಾಮಾಣಿಕವಾಗಿ ಹೇಳಿದರೆ ತಮ್ಮ ದೋಷವನ್ನು ತಂಡ ಹಿಂದಕ್ಕೆ ತಳ್ಳಬಹುದೆಂದು ಹಲವರು ಅಂಜುತ್ತಾರೆ. ಆದರೆ ಎಲ್ಲ ಇಮೇಲ್‌ಗಳಲ್ಲೂ ‘ಕೆಲಸ ಪೂರ್ತಿ ನಿಂತಿದೆ’ ಎಂದಿದ್ದರೆ, ನಿಜಕ್ಕೂ ಕೆಲಸ ನಿಂತವರ ಮಾತನ್ನು ಗುರುತಿಸಲು ನಮಗೆ ದಾರಿಯೇ ಇರುವುದಿಲ್ಲ.

ಪರದೆಯ ಚಿತ್ರ ತೆಗೆಯಲು ವಿಂಡೋಸ್, ಶಿಫ್ಟ್, S ಮೂರನ್ನೂ ಒಟ್ಟಿಗೆ ಒತ್ತಿ ಬೇಕಾದ ಭಾಗವನ್ನು ಆರಿಸಬಹುದು. ಮೊಬೈಲಿನಿಂದ ಪರದೆಯ ಫೋಟೋ ತೆಗೆದು ಕಳಿಸಿದರೆ ಅಂಕಿಗಳು ಮಸುಕಾಗುತ್ತವೆ. ಚಿತ್ರವಿದೆಯೆಂದು ಬರಹವನ್ನು ಬಿಡಬೇಡಿ, ಚಿತ್ರದೊಳಗಿನ ಅಕ್ಷರಗಳನ್ನು ಇನ್‌ಬಾಕ್ಸ್‌ನಲ್ಲಿ ಹುಡುಕುವುದು ಕಷ್ಟ.

ಉತ್ತರ ಬಂದ ಮೇಲೆ

ಡೆವಲಪರ್ ತಮ್ಮ ಕಂಪ್ಯೂಟರ್‌ನ ಪ್ರಾದೇಶಿಕ ಪದ್ಧತಿಯನ್ನು ಅಮೆರಿಕದ್ದಕ್ಕೆ ಬದಲಿಸಿ, ಗುಮಾಸ್ತರ ಐದು ಹೆಜ್ಜೆಗಳನ್ನು ಹಾಕಿದರು. 22,150 ಬಂತು. ಹೊಸ ಕಂಪ್ಯೂಟರ್‌ನ ಪದ್ಧತಿಯನ್ನು ಭಾರತದ್ದಕ್ಕೆ ಬದಲಿಸಿಕೊಳ್ಳಿ ಎಂದು ಹೇಳಿ ಕೈತೊಳೆದುಕೊಳ್ಳಲು ಆಗುತ್ತಿತ್ತು, ಗುಮಾಸ್ತರಿಗೆ ಅಂದಿನ ಮಟ್ಟಿಗೆ ಅದನ್ನು ಹೇಳಿಯೂ ಕೊಟ್ಟೆವು. ಆದರೆ ಆಡಿಟರ ಕಂಪ್ಯೂಟರ್ ಹೇಗಿದೆಯೋ ಯಾರಿಗೆ ಗೊತ್ತು? ಎರಡು ಅರ್ಥ ಬರುವಂತೆ ತಾರೀಖು ಬರೆದದ್ದು ನಮ್ಮ ತಂತ್ರಾಂಶ, ತಿದ್ದಬೇಕಾದದ್ದೂ ಅಲ್ಲಿಯೇ. ಕಡತದಲ್ಲಿ ತಾರೀಖನ್ನು ವರ್ಷ, ತಿಂಗಳು, ದಿನದ ಕ್ರಮದಲ್ಲಿ ಬರೆಯುವಂತೆ ಬದಲಿಸಿದರು:

```
101,2024-08-05,18400
```

ತಿದ್ದಿದ್ದೇವೆ ಎಂಬ ಉತ್ತರ ಬಂದಾಗ ವರದಿ ಬರೆದವರದೂ ಒಂದು ಕೆಲಸ ಉಳಿದಿರುತ್ತದೆ. ಅದೇ ಮೂರು ತಾರೀಖು, ಅದೇ ಐದು ಹೆಜ್ಜೆ, ಎರಡೂ ಕಂಪ್ಯೂಟರ್‌ಗಳಲ್ಲಿ ಮತ್ತೆ ಮಾಡಿ ನೋಡಬೇಕು. ಈ ಪ್ರಸಂಗದಲ್ಲಿ ಒಂದು ಎಚ್ಚರ ಬೇಕಿತ್ತು. ಹೊಸ ಕಂಪ್ಯೂಟರ್‌ನ ಪದ್ಧತಿಯನ್ನು ಆಗಲೇ ಭಾರತದ್ದಕ್ಕೆ ಬದಲಿಸಿದ್ದರಿಂದ, ಹಾಗೆಯೇ ಪರೀಕ್ಷಿಸಿದರೆ ತಿದ್ದುಪಡಿ ಆಗದಿದ್ದರೂ ಸರಿಯಾಗಿಯೇ ಕಾಣುತ್ತಿತ್ತು. ಗುಮಾಸ್ತರು ಅದನ್ನು ಮತ್ತೆ ಅಮೆರಿಕದ್ದಕ್ಕೆ ತಿರುಗಿಸಿ, ಪರೀಕ್ಷಿಸಿ, 50,150 ಬಂದದ್ದನ್ನು ನೋಡಿ, ಆಮೇಲೆ ಭಾರತದ್ದಕ್ಕೆ ತಂದಿಟ್ಟರು. ಅದೇ ಇಮೇಲ್‌ನ ಕೆಳಗೆ, ಹೊಸ ಇಮೇಲ್ ಆರಂಭಿಸದೆ, “ಎರಡರಲ್ಲೂ ಸರಿ ಬಂದಿದೆ” ಎಂದು ಬರೆದರು.

ತಿದ್ದುಪಡಿಗೆ ಮೊದಲು ಡೌನ್‌ಲೋಡ್ ಮಾಡಿದ್ದ ಕಡತಗಳು ತಾವಾಗಿ ಸರಿಹೋಗುವುದಿಲ್ಲ. ಹೊಸ ಕಂಪ್ಯೂಟರ್‌ನ ಎಕ್ಸೆಲ್‌ನಲ್ಲಿ ತೆರೆದು ಸೇವ್ ಮಾಡಿದ್ದ ಆಗಸ್ಟ್ ತಿಂಗಳ ಎರಡು ಪಟ್ಟಿಗಳನ್ನು ಗುಮಾಸ್ತರು ಅಳಿಸಿ, ಮತ್ತೆ ಡೌನ್‌ಲೋಡ್ ಮಾಡಿ, ಬಿಲ್ ಪುಸ್ತಕದೊಡನೆ ತಾಳೆ ನೋಡಿ ಆಡಿಟರಿಗೆ ಕೊಟ್ಟರು.